ಒಂದು ಸ್ಟಾರ್ ಕೊಟ್ಟವರಿಗೆ ಬರೆದ ಉತ್ತರವನ್ನು ಓದುವುದು ಮುಂದಿನ ಗಿರಾಕಿ

ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಗೆ ಯಾರೋ ಒಂದು ಸ್ಟಾರ್ ಕೊಟ್ಟು ಬೈದು ಬರೆದರೆ, ಅದನ್ನು ಅಳಿಸುವ ಅಧಿಕಾರ ನಿಮಗಿಲ್ಲ. ಗೂಗಲ್‌ಗೆ ದೂರು ಕೊಡಬಹುದು. ಆದರೆ ಬೈಗುಳ, ಸುಳ್ಳು ಖಾತೆ, ಸಂಬಂಧವಿಲ್ಲದ ವಿಷಯ ಹೀಗೆ ಅವರ ನಿಯಮ ಮುರಿದಿದ್ದರೆ ಮಾತ್ರ ತೆಗೆಯುತ್ತಾರೆ. ‘ನಮಗೆ ಒಪ್ಪಿಗೆಯಿಲ್ಲ’ ಅಂದರೆ ತೆಗೆಯುವುದಿಲ್ಲ. ನಿಮ್ಮ ಕೈಯಲ್ಲಿ ಉಳಿಯುವುದು ಒಂದೇ, ಅದರ ಕೆಳಗೆ ಉತ್ತರ ಬರೆಯುವುದು. ಆ ಉತ್ತರ ಬೈದವರಿಗೆ ಮಾತ್ರವಲ್ಲ, ಮುಂದೆ ಅಂಗಡಿ ಹುಡುಕುವ ಎಲ್ಲರಿಗೂ ಕಾಣುತ್ತದೆ.

ನಮ್ಮ ಗುಂಪಿನವರು ಸುದ್ದಿಗಾಗಿ ಮಾನ್ವಿ, ದೇವದುರ್ಗ, ರಾಯಚೂರು ಸುತ್ತುವಾಗ ಸಣ್ಣ ಅಂಗಡಿಯವರು ಫೋನ್ ಮುಂದೆ ಹಿಡಿದು, ‘ಇದಕ್ಕ ಏನ್ ಬರೀಬೇಕು ಹೇಳ್ರಿ’ ಎಂದು ಕೇಳುವುದುಂಟು. ಅಂಥದ್ದರಲ್ಲಿ ಮಾನ್ವಿಯ ಒಂದು ಅಕ್ಕಿ ಅಂಗಡಿಯ ಕತೆಯನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ. ಅಂಗಡಿಯ ಹೆಸರಾಗಲಿ ಗಿರಾಕಿಯ ಹೆಸರಾಗಲಿ ಹೇಳುವುದಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವ ಕಡೆ ಮಾನ್ವಿಯಲ್ಲಿ ಭತ್ತವೇ ಬೆಳೆ. ಮುಂಗಾರಿನ ಭತ್ತ ನವೆಂಬರ್, ಡಿಸೆಂಬರ್‌ನಲ್ಲಿ ಕೊಯ್ಲಾಗುತ್ತದೆ. ಜನವರಿಯ ಹೊತ್ತಿಗೆ ಅಂಗಡಿಯಲ್ಲಿ ಹೊಸ ಅಕ್ಕಿಯೂ ಇರುತ್ತದೆ, ವರ್ಷದ ಹಿಂದಿನ ಹಳೆ ಅಕ್ಕಿಯೂ ಇರುತ್ತದೆ. ಹಳೆಯದಕ್ಕೆ ರೇಟು ಜಾಸ್ತಿ. ಈ ಅಂಗಡಿಯ ಕಾಕಾ ರಾಯಚೂರಿನ ಒಬ್ಬ ಗಿರಾಕಿಗೆ ಫೋನಿನಲ್ಲೇ ಆರ್ಡರ್ ತಗೊಂಡು 26 ಕೆಜಿಯ ಒಂದು ಚೀಲ ಕಳಿಸಿದ್ದರು. ಹತ್ತು ದಿನಕ್ಕೆ ರಿವ್ಯೂ ಬಂತು: ‘ಸೋನಾ ಮಸೂರಿ ಅಂತ ಹೇಳಿ ಬೇರೆ ಯಾವುದೋ ಅಕ್ಕಿ ಕೊಟ್ಟಿದ್ದಾರೆ. ಅನ್ನ ಮುದ್ದೆ ಆಗುತ್ತದೆ. ಫೋನ್ ಎತ್ತುವುದಿಲ್ಲ. ಮೋಸಗಾರರು. ಯಾರೂ ಇಲ್ಲಿ ಕೊಳ್ಳಬೇಡಿ.’

ಕಾಕಾ ಅದನ್ನು ಓದಿದ ಸಿಟ್ಟಿನಲ್ಲೇ ಉತ್ತರ ಬರೆದಿಟ್ಟಿದ್ದರು, ಕಳಿಸಿರಲಿಲ್ಲ. ‘ಅನ್ನ ಮಾಡಾಕ ಬರದಿದ್ರ ನಮ್ಮ ಅಕ್ಕಿದೇನು ತಪ್ಪು? ಮೂವತ್ತು ವರ್ಷದಿಂದ ಅಂಗಡಿ ನಡಸಾಕತ್ತೀವಿ’ ಅಂತ. ಅವರ ಮಗ ಇನ್ನೊಂದು ಬರೆದಿದ್ದ: ‘ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.’ ಮೊದಲನೆಯದನ್ನು ಓದಿದ ಹೊಸ ಗಿರಾಕಿ, ‘ನಾಳೆ ನನಗೇನಾದರೂ ತೊಂದರೆಯಾದರೆ ನನಗೂ ಹೀಗೇ ಬೈತಾರೆ’ ಅಂದುಕೊಳ್ಳುತ್ತಾನೆ. ಎರಡನೆಯದನ್ನು ಓದಿದವನಿಗೆ ಆ ಅಕ್ಕಿ ಸೋನಾ ಮಸೂರಿಯೋ ಅಲ್ಲವೋ ಎಂಬುದೇ ತಿಳಿಯುವುದಿಲ್ಲ. ಅವನ ಅನುಮಾನ ಇದ್ದಲ್ಲೇ ಇರುತ್ತದೆ.

ಉತ್ತರ ಬರೆಯುವ ಮೊದಲು ನಾವು ಆ ರಿವ್ಯೂ ಅನ್ನು ತುಂಡು ತುಂಡು ಮಾಡಿ ಹಾಳೆಯ ಮೇಲೆ ಬರೆದೆವು. ಅದರಲ್ಲಿ ಮೂರು ಸಂಗತಿಗಳಿದ್ದವು: ಅಕ್ಕಿ ಬೇರೆಯದು, ಅನ್ನ ಮುದ್ದೆಯಾಗುತ್ತದೆ, ಫೋನ್ ಎತ್ತುವುದಿಲ್ಲ. ‘ಮೋಸಗಾರರು’ ಅನ್ನುವುದು ಸಂಗತಿಯಲ್ಲ, ಸಿಟ್ಟು. ಅದಕ್ಕೆ ಉತ್ತರ ಕೊಡುವ ಅಗತ್ಯವಿಲ್ಲ. ಮೂರು ಸಂಗತಿಗಳನ್ನು ಒಂದೊಂದಾಗಿ ತಪಾಸಣೆ ಮಾಡಿದೆವು.

ಗಿರಣಿಯ ಬಿಲ್ ತೆಗೆಸಿದಾಗ ಅದರಲ್ಲಿ ಸೋನಾ ಮಸೂರಿ ಎಂದೇ ಇತ್ತು. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಆ ಚೀಲಕ್ಕೆ ಹಿಡಿದಿದ್ದು ಹೊಸ ಅಕ್ಕಿಯ ರೇಟು. ಅಂದರೆ ಹಳೆಯದರ ದುಡ್ಡು ತಗೊಂಡು ಹೊಸದನ್ನು ಕಳಿಸಿರಲಿಲ್ಲ. ಇನ್ನು ಅನ್ನದ ಮಾತು. ಅದೇ ಲಾಟಿನ ಅಕ್ಕಿಯನ್ನು ಕಾಕಾನ ಮನೆಯಲ್ಲೇ ಎರಡು ಸಲ ಕುಕ್ಕರಿಗೆ ಇಟ್ಟರು. ಒಂದು ಲೋಟ ಅಕ್ಕಿಗೆ ಎರಡೂವರೆ ಲೋಟ ನೀರು ಹಾಕಿದಾಗ ಮುದ್ದೆಯೇ ಆಯಿತು. ಎರಡು ಲೋಟಕ್ಕಿಂತ ತುಸು ಕಡಿಮೆ ಹಾಕಿದಾಗ ಸರಿಯಾಯಿತು. ಹೊಸ ಅಕ್ಕಿ ನೀರು ಕಡಿಮೆ ಹೀರುತ್ತದೆ, ಬೇಯುವಾಗ ಗಂಜಿ ಹೆಚ್ಚು ಬಿಡುತ್ತದೆ, ಅದಕ್ಕೇ ಅಂಟುತ್ತದೆ. ತಿಂಗಳುಗಟ್ಟಲೆ ಇಟ್ಟ ಮೇಲೆ ಕಾಳು ಗಟ್ಟಿಯಾಗಿ, ಹೆಚ್ಚು ನೀರು ಕುಡಿದು, ಅನ್ನ ಉದುರುದುರಾಗುತ್ತದೆ. ಹಳೆ ಅಕ್ಕಿಯ ಅಳತೆ ರೂಢಿಯಾದ ಮನೆಗೆ ಹೊಸ ಅಕ್ಕಿ ಹೋದರೆ ಆಗುವುದು ಇದೇ. ಗಿರಾಕಿ ಸುಳ್ಳು ಹೇಳಿರಲಿಲ್ಲ.

ಅಂಗಡಿಗೆ ಬಂದವರಿಗೆ ಕಾಕಾ, ‘ಹೊಸಾವು ಅದಾವು, ನೀರು ಕಡಿಮಿ ಹಾಕ್ರಿ’ ಎಂದು ಬಾಯಿಮಾತಿನಲ್ಲಿ ಹೇಳುತ್ತಾರೆ. ಕಳಿಸಿದ ಚೀಲದ ಮೇಲೆ ಅದನ್ನು ಹೇಳುವವರು ಯಾರೂ ಇರಲಿಲ್ಲ. ಫೋನಿನಲ್ಲಿ ನೋಡಿದರೆ ಆ ನಂಬರಿನಿಂದ ಬೆಳಿಗ್ಗೆ ಎರಡು ಮಿಸ್ಡ್ ಕಾಲ್ ಇದ್ದವು, ಮಾಲು ಇಳಿಸುವ ಹೊತ್ತಿನವು. ಅದೂ ನಿಜವೇ.

ಇಷ್ಟಾದ ಮೇಲೆ ಎಲ್ಲರೂ ಕೂತು ಬರೆದ ಉತ್ತರ ಇದು:

‘ನಮಸ್ಕಾರ ಸರ್. ಅನ್ನ ಮುದ್ದೆಯಾಗಿ ತೊಂದರೆಯಾಗಿದ್ದಕ್ಕೆ ಬೇಸರವಾಯಿತು. ಅಕ್ಕಿ ಸೋನಾ ಮಸೂರಿಯೇ, ಗಿರಣಿಯ ಬಿಲ್ ಅಂಗಡಿಯಲ್ಲಿದೆ, ಯಾರು ಬೇಕಾದರೂ ನೋಡಬಹುದು. ಆದರೆ ಇದು ಡಿಸೆಂಬರ್ ಕೊಯ್ಲಿನ ಹೊಸ ಅಕ್ಕಿ. ಒಂದು ಲೋಟಕ್ಕೆ ಎರಡು ಲೋಟಕ್ಕಿಂತ ಕಡಿಮೆ ನೀರು ಸಾಕು. ಇದನ್ನು ನಾವು ಚೀಲದ ಮೇಲೆ ಬರೆದಿರಲಿಲ್ಲ. ಇವತ್ತಿನಿಂದ ಪ್ರತಿ ಚೀಲಕ್ಕೂ ಹೊಸದೋ ಹಳೆಯದೋ, ನೀರೆಷ್ಟು ಎಂಬ ಚೀಟಿ ಹಚ್ಚುತ್ತಿದ್ದೇವೆ. ನಿಮ್ಮ ಉಳಿದ ಅಕ್ಕಿ ವಾಪಸ್ ತಗೊಂಡು ಅಷ್ಟೇ ದುಡ್ಡು ಕೊಡುತ್ತೇವೆ, ಸಾಗಿಸುವ ಖರ್ಚು ನಮ್ಮದು. ಬೆಳಿಗ್ಗೆ ಮಾಲು ಇಳಿಸುವಾಗ ಫೋನ್ ಎತ್ತಲು ಆಗಿಲ್ಲ. ಸಂಜೆ 5ರಿಂದ 8ರವರೆಗೆ ಖಂಡಿತ ಎತ್ತುತ್ತೇವೆ.’

ಇದರಲ್ಲಿ ‘ನಿಮಗೆ ಅನ್ನ ಮಾಡಲು ಬರುವುದಿಲ್ಲ’ ಎಂಬ ಮಾತಿಲ್ಲ, ಆದರೆ ನೀರಿನ ಅಳತೆ ಇದೆ. ಮುಂದಿನ ಗಿರಾಕಿಗೆ ಬೇಕಾದದ್ದು ಆ ಅಳತೆ. ‘ಸುಳ್ಳು’ ಎಂಬ ಪದವಿಲ್ಲ, ಆದರೆ ಬಿಲ್ ಎಲ್ಲಿದೆ ಎಂದು ಇದೆ. ಗಿರಾಕಿಯ ಫೋನ್ ನಂಬರ್, ಮನೆ ಇರುವ ಓಣಿ, ಎಷ್ಟು ದುಡ್ಡು ಕೊಟ್ಟರು ಎಂಬುದು ಯಾವುದೂ ಇಲ್ಲ. ‘ಇವರು ರೇಟಿಗೆ ಅರ್ಧ ತಾಸು ಚೌಕಾಸಿ ಮಾಡಿದ್ರು ಅಂತ ಬರೀರಿ’ ಎಂದು ಕಾಕಾ ಹೇಳಿದ್ದರು. ಅದನ್ನು ಬಿಡಿಸಿದೆವು. ಒಬ್ಬ ಗಿರಾಕಿಯ ವ್ಯವಹಾರವನ್ನು ಬಯಲಿಗಿಟ್ಟರೆ, ಓದುವ ಬೇರೆ ಗಿರಾಕಿ ತನ್ನದೂ ಹೀಗೇ ಬಯಲಾಗುತ್ತದೆ ಎಂದು ಹೆದರುತ್ತಾನೆ.

ಕಾಕಾನ ಮಗ ಇನ್ನೊಂದು ದಾರಿ ಹೇಳಿದ್ದ: ಗೆಳೆಯರಿಂದ ಹತ್ತು ಐದು-ಸ್ಟಾರ್ ಹಾಕಿಸಿದರೆ ಇದು ಕೆಳಗೆ ಹೋಗುತ್ತದೆ, ಇಲ್ಲವೇ ‘ರಿವ್ಯೂ ತೆಗೆದರೆ ದುಡ್ಡು ವಾಪಸ್’ ಅನ್ನೋಣ ಎಂದು. ಎರಡನ್ನೂ ಗೂಗಲ್ ನಿಯಮ ಒಪ್ಪುವುದಿಲ್ಲ. ಆನ್‌ಲೈನ್ ಮಾರುಕಟ್ಟೆಗಳಲ್ಲಿ ಮಾರುವವರು ತಾವೇ ಗಿರಾಕಿಯಂತೆ ನಟಿಸಿ ರಿವ್ಯೂ ಬರೆಯುವುದನ್ನು 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳೂ ತಡೆಯುತ್ತವೆ. ಅದಿರಲಿ, ಒಂದೇ ದಿನ ಬಂದ ಹತ್ತು ‘ಸೂಪರ್’ಗಳನ್ನು ನೋಡಿದರೆ ಹಳ್ಳಿಯ ಹುಡುಗನಿಗೂ ಗೊತ್ತಾಗುತ್ತದೆ.

ಆ ಗಿರಾಕಿ ಮರುದಿನ ಸಂಜೆ ಫೋನ್ ಮಾಡಿದರು. ಉಳಿದ ಅಕ್ಕಿ ವಾಪಸ್ ಬಂತು, ದುಡ್ಡು ಹೋಯಿತು. ಅವರು ಸ್ಟಾರ್ ಬದಲಿಸಲಿಲ್ಲ, ಕಾಕಾ ಕೇಳಲೂ ಇಲ್ಲ. ಎರಡು ವಾರದ ಮೇಲೆ ದೇವದುರ್ಗದಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿ, ‘ಅಣ್ಣಾರ, ಚೀಟಿ ಹಚ್ಚತೀರಂತಲ್ರಿ, ಮನ್ಯಾಗ ವಯಸ್ಸಾದವ್ರು ಅದಾರ, ಮೆತ್ತಗ ಆಗಬೇಕು, ಹೊಸಾ ಅಕ್ಕೀನ ಕಳಸ್ರಿ’ ಎಂದು ಎರಡು ಚೀಲ ಹೇಳಿದರು. ಅವರು ಓದಿದ್ದು ಬೈಗುಳವನ್ನು, ಅದರ ಕೆಳಗಿನ ಉತ್ತರವನ್ನು. ಬೇರೆ ಯಾವ ಜಾಹೀರಾತನ್ನೂ ಅಲ್ಲ.

ಆದರೆ ಎಲ್ಲ ಬೈಗುಳಕ್ಕೂ ಹೀಗೆ ಉತ್ತರ ಕೊಟ್ಟರೆ ಸಾಲದು. ದೇವದುರ್ಗದಲ್ಲೇ ಮನೆಯಲ್ಲಿ ಖಾರದ ಪುಡಿ ಕುಟ್ಟಿಸಿ ಮಾರುವ ಒಬ್ಬ ಅಕ್ಕನಿಗೆ, ‘ಬಣ್ಣ ಹಾಕಿದ್ದಾರೆ, ತಿನ್ನಬೇಡಿ’ ಎಂಬ ರಿವ್ಯೂ ಬಂದಿತ್ತು. ಅವರು ಹಾಕುವುದು ಬ್ಯಾಡಗಿ ಮೆಣಸಿನಕಾಯಿ. ಅದರ ಬಣ್ಣವೇ ಕಡುಗೆಂಪು, ಖಾರ ಕಡಿಮೆ. ಒಂದು ಲೋಟ ನೀರಿನ ಮೇಲೆ ಪುಡಿ ಉದುರಿಸಿ, ಬಣ್ಣ ಎಳೆಯಾಗಿ ಕೆಳಗಿಳಿಯುವುದಿಲ್ಲ ಎಂದು ವಿಡಿಯೋ ಮಾಡಿ ತೋರಿಸೋಣ ಎಂದರು. ನೀರಿನಲ್ಲಿ ಕರಗುವ ಬಣ್ಣ ಹಾಕಿದ್ದರೆ ಆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಆದರೆ ಸುಡಾನ್ ಎಂಬ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ಅದು ನೀರಿನಲ್ಲಿ ಕಾಣುವುದಿಲ್ಲ. ಹಾಗಾಗಿ ವಿಡಿಯೋ ಪೂರ್ತಿ ಸಾಕ್ಷಿಯಲ್ಲ. ಆರೋಗ್ಯದ ಆರೋಪಕ್ಕೆ ಶಾಂತ ಮಾತಿಗಿಂತ ಲ್ಯಾಬಿನ ವರದಿ ಬೇಕು. ವರದಿ ಬರುವವರೆಗೆ ಅವರು ಬರೆದದ್ದು ಮೂರೇ ಸಾಲು: ಯಾವ ಮೆಣಸಿನಕಾಯಿ, ಪುಡಿಯನ್ನು ಪರೀಕ್ಷೆಗೆ ಕಳಿಸಿದ್ದೇವೆ, ಬಂದ ವರದಿಯನ್ನು ಹಾಗೇ ಇಲ್ಲಿ ಹೇಳುತ್ತೇವೆ. ‘ನೂರಕ್ಕೆ ನೂರು ಶುದ್ಧ’ ಎಂದು ಮೊದಲೇ ಬರೆಯಲಿಲ್ಲ. ಪುಡಿಯಲ್ಲಿ ಬಣ್ಣವಿಲ್ಲ ಎಂದು ವರದಿ ಬಂದ ದಿನ ಅದೇ ಉತ್ತರವನ್ನು ತಿದ್ದಿ ಸೇರಿಸಿದರು. ಗೂಗಲ್‌ನಲ್ಲಿ ಒಮ್ಮೆ ಬರೆದ ಉತ್ತರವನ್ನು ಮಾಲೀಕರು ಯಾವಾಗ ಬೇಕಾದರೂ ತಿದ್ದಬಹುದು.

ಕೊಳ್ಳದೇ ಬೈದವರೂ ಇರುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಹೆಸರು ಸಿಗದಿದ್ದರೆ, ‘ನೀವು ನಮ್ಮ ಗಿರಾಕಿಯೇ ಅಲ್ಲ’ ಎನ್ನಬೇಡಿ. ಗಂಡನ ಫೋನಿನಿಂದ ಹೆಂಡತಿ, ಮಗನ ಖಾತೆಯಿಂದ ಅಪ್ಪ ಬರೆದಿರಬಹುದು. ‘ಈ ಹೆಸರಿನಲ್ಲಿ ನಮಗೆ ಬಿಲ್ ಸಿಗಲಿಲ್ಲ, ಕೊಂಡ ತಾರೀಖು ತಿಳಿಸಿದರೆ ಹುಡುಕಿ ಸರಿಪಡಿಸುತ್ತೇವೆ’ ಎಂದರೆ ಸಾಕು. ಅವರು ತಾರೀಖು ಕೊಡದಿದ್ದರೆ ಓದುವವರು ತಾವೇ ಅರ್ಥ ಮಾಡಿಕೊಳ್ಳುತ್ತಾರೆ. ಅವರು ಮತ್ತೆ ಬೈದರೂ ನೀವು ಎರಡನೇ ಸಲ ವಾದಕ್ಕೆ ಇಳಿಯಬೇಡಿ.

ಈಗ ಮಾನ್ವಿಯ ಆ ಅಂಗಡಿಯಲ್ಲಿ ಚೀಲ ಹೊಲಿಯುವ ಹುಡುಗನ ಪಕ್ಕ ಎರಡು ಬಣ್ಣದ ಚೀಟಿಗಳಿರುತ್ತವೆ, ಹೊಸದಕ್ಕೆ ಹಸಿರು, ಹಳೆಯದಕ್ಕೆ ಬಿಳಿ. ‘ಅವು ತಪ್ಪಿದ್ರ ಆ ಉತ್ತರಾನ ನಮಗ ಉರುಳಾಗತೈತಿ’ ಎನ್ನುತ್ತಾರೆ ಕಾಕಾ. ಎಲ್ಲರೂ ಓದುವ ಕಡೆ ಬರೆದ ಮಾತು ಅದು. ಚೀಟಿಯಿಲ್ಲದ ಒಂದು ಚೀಲ ಹೋದರೆ, ಮುಂದಿನ ರಿವ್ಯೂ ಅಕ್ಕಿಯ ಮೇಲೆ ಬರುವುದಿಲ್ಲ, ಕೊಟ್ಟ ಮಾತಿನ ಮೇಲೆ ಬರುತ್ತದೆ.