ಕಿಡಿ ಎಲ್ಲಿಗೆ ಹೋಯಿತು?

ಆಟೋ ಇಗ್ನಿಷನ್ ಒಲೆ ಬಂದಮೇಲೂ ಮೊಳೆಗೆ ನೇತಾಡುವ ಹಳೆಯ ಲೈಟರನ್ನು ನಮ್ಮತ್ತಿಗೆ ಎಸೆದಿಲ್ಲ. ಮಳೆಗಾಲದಲ್ಲಿ ಹೊಸ ಒಲೆಗೆ ಹಟ ಬರುತ್ತದೆಂಬುದು ಅವರ ನಂಬಿಕೆ. ಮೊನ್ನೆ ಹಾಗೇ ಆಯಿತು: ಹಾಲು ಉಕ್ಕಿತು, ಒಲೆ ಒರೆಸಿದ್ದಾಯಿತು. ಆಮೇಲೆ ಆ ಬರ್ನರಿನ ನಾಬ್ ಒತ್ತಿದರೆ ಚಟಚಟ ಸದ್ದು ಮಾತ್ರ, ಬೆಂಕಿಯಿಲ್ಲ.

“ಸೆಲ್ ಹೋಗಿರಬೇಕು,” ಎಂದರು ಅಣ್ಣ. ನಮ್ಮ ಮನೆಗಳಲ್ಲಿ ಗೋಡೆ ಗಡಿಯಾರದಿಂದ ಒಲೆಯವರೆಗೆ ಏನು ಕೆಟ್ಟರೂ ಮೊದಲ ಆರೋಪಿ ಸೆಲ್. ಆದರೆ ಈ ಒಲೆಗಳಲ್ಲಿ ಸಾಮಾನ್ಯವಾಗಿ ಯಾವ ನಾಬ್ ಒತ್ತಿದರೂ ಎಲ್ಲ ಬರ್ನರುಗಳಲ್ಲೂ ಒಟ್ಟಿಗೆ ಕಿಡಿ ಹಾರುತ್ತದೆ. ಮಿಕ್ಕ ಎರಡರಲ್ಲಿ ನೀಲಿ ಕಿಡಿ ಚೆನ್ನಾಗಿಯೇ ಇತ್ತು; ಸೆಲ್ ನಿರಪರಾಧಿ. ಅದು ಸೋತಿದ್ದರೆ ಎಲ್ಲ ಕಡೆ ಸದ್ದು ನಿಧಾನವಾಗಿ, ಕಿಡಿ ಮಂಕಾಗುತ್ತಿತ್ತು. ಆಗ 1.5 ವೋಲ್ಟಿನ ಹೊಸ ಸೆಲ್ ಹಾಕಿ, ಅದರ ಮನೆಯ ತಗಡಿಗೆ ಹಿಡಿದ ಹಸಿರು ಕಿಲುಬನ್ನು ಉಜ್ಜಿದರೆ ಸಾಕು.

ಚಟಚಟ ಎಂಬುದು ಬಹುಮಟ್ಟಿಗೆ ಕಿಡಿಯದೇ ಸದ್ದು. ಸದ್ದಿದ್ದೂ ಕಿಡಿ ಕಾಣದಿದ್ದರೆ, ಅದು ಇನ್ನೆಲ್ಲೋ ಹಾರುತ್ತಿರಬಹುದು. ಆ ಪುಟ್ಟ ಸೆಲ್ಲಿನ ವಿದ್ಯುತ್ತನ್ನು ಒಳಗಿನ ಪೆಟ್ಟಿಗೆ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಅಷ್ಟು ಒತ್ತಡದ ವಿದ್ಯುತ್ತು ಸುಲಭದ ದಾರಿಯನ್ನೇ ಹಿಡಿಯುತ್ತದೆ.

ರೆಗ್ಯುಲೇಟರ್ ಮುಚ್ಚಿ, ದೀಪ ಆರಿಸಿ, ನಾಬ್ ಒತ್ತಿದೆವು. ಕತ್ತಲಲ್ಲಿ ಕಳ್ಳ ಸಿಕ್ಕ: ಬರ್ನರಿನ ಪಕ್ಕದ ಕಿಡಿ ಹಾರಿಸುವ ಕಡ್ಡಿಯ ತುದಿಯಲ್ಲಲ್ಲ, ಬುಡದ ಬಿಳಿ ಪಿಂಗಾಣಿಯ ಮೈಮೇಲೆ ಸಣ್ಣ ಮಿಂಚು ಹರಿದಾಡುತ್ತಿತ್ತು. ಮೇಲೆ ಒರೆಸಿದ್ದರೂ ಅಲ್ಲಿ ಹಾಲಿನ ಪಸೆ ಉಳಿದಿತ್ತು. ಉಪ್ಪು ಬೆರೆತ ಆ ತೇವವೇ ವಿದ್ಯುತ್ತಿಗೆ ಸೇತುವೆ. ಒದ್ದೆ ಬಟ್ಟೆಯಲ್ಲಿ ಜಿಡ್ಡು ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಗಾಳಿಗೆ ಬಿಟ್ಟೆವು.

ಒಣಗಿದ ಮೇಲೆ ಕಿಡಿ ತುದಿಗೆ ಬಂತು, ಆದರೂ ಬೆಂಕಿ ತಡವಾಗಿ ಹತ್ತುತ್ತಿತ್ತು. ತೊಳೆದ ಬರ್ನರ್ ಮುಚ್ಚಳ ತುಸು ಓರೆಯಾಗಿ ಕೂತು, ಕಡ್ಡಿಗೂ ಅದಕ್ಕೂ ನಡುವಿನ ಸಂದು ಅಗಲವಾಗಿತ್ತು. ಸಾಮಾನ್ಯವಾಗಿ ಅದು 3ರಿಂದ 5 ಮಿಲಿಮೀಟರ್ ಇರಬೇಕು. ಹೆಚ್ಚಾದರೆ ಕಿಡಿ ದಾಟಲಾರದು. ತೀರ ಕಡಿಮೆಯಾದರೆ ಕಿಡಿ ಚಿಕ್ಕದಾಗಿ, ಗ್ಯಾಸ್ ಬರುವ ಜಾಗಕ್ಕೇ ತಲುಪದು. ಮುಚ್ಚಳವನ್ನು ಅದರ ಗುಣಿಯಲ್ಲಿ ಕೂರಿಸಿದ್ದೇ ತಡ, ಒಲೆ ಹತ್ತಿತು. ಕಡ್ಡಿಯನ್ನು ಬಗ್ಗಿಸುವ ಪ್ರಮೇಯ ಬರಲಿಲ್ಲ. ಬಲವಂತ ಮಾಡಿದರೆ ಪಿಂಗಾಣಿ ಸೀಳುತ್ತದೆ. ಸೀಳಿದ್ದನ್ನು ಒರೆಸಿ ಸರಿಮಾಡಲಾಗದು, ಬದಲಿಸಲೇಬೇಕು.

ನಾಬ್ ಬಿಟ್ಟ ಮೇಲೂ ಚಟಚಟ ನಿಲ್ಲದಿದ್ದರೆ ಅದು ಬೇರೆಯೇ ಕಥೆ: ನಾಬಿನ ಕೆಳಗಿನ ಸ್ವಿಚ್ಚಿಗೆ ನೀರಿಳಿದಿರಬಹುದು. ಸೆಲ್ ತೆಗೆದಿಟ್ಟು ಒಣಗಲು ಬಿಡಬೇಕು. ಅಂಥ ದಿನಗಳಿಗೆಂದೇ ಅತ್ತಿಗೆಯ ಮೊಳೆಯಲ್ಲಿ ಲೈಟರ್ ಇದೆ. ಅದಕ್ಕೆ ಸೆಲ್ಲೇ ಬೇಡ.