ಒಂದೇ ಲೆಕ್ಕ, ಮೂರು ಉತ್ತರ

ಹಾಸನದ ಒಂದು ಪದವಿ ಕಾಲೇಜು, ರಸಾಯನಶಾಸ್ತ್ರದ ಪ್ರಯೋಗಾಲಯ, ಮಧ್ಯಾಹ್ನ ಮೂರು ದಾಟಿದೆ. ಇವತ್ತು ಬ್ಯುರೆಟ್ ಮುಟ್ಟುವವರಿಲ್ಲ. ಪರೀಕ್ಷೆ ಹತ್ತಿರ ಬಂದಿದೆ, ಹಾಗಾಗಿ ಬರೀ ಲೆಕ್ಕ. ನೀವು ಹಿಂದಿನ ಬೆಂಚಿನ ತುದಿಯಲ್ಲಿ ಸ್ಟೂಲ್ ಎಳೆದುಕೊಂಡು ಕೂತಿದ್ದೀರಿ. ಮೇಡಂ ಬೋರ್ಡಿನ ಮೇಲೆ ಬರೆದದ್ದು ಇಷ್ಟೆ: ಒಂದು ವಿದ್ಯುತ್ಕೋಶ, ಎರಡು ಎಲೆಕ್ಟ್ರಾನುಗಳ ಕ್ರಿಯೆ, ಪ್ರಮಾಣಿತ ಇಎಂಎಫ್ 0.295 ವೋಲ್ಟ್, ಉಷ್ಣತೆ 298 ಕೆಲ್ವಿನ್. ಸಮತೋಲನ ಸ್ಥಿರಾಂಕ ಎಷ್ಟು?

ಕೆಳಗೆ ಎರಡು ಸೂತ್ರಗಳಿವೆ. ಎರಡೂ ಹೇಳುವುದು ಒಂದನ್ನೇ.

```
log K = nE / 0.059
ln K  = nFE / (RT)
```

ಎರಡು ನಿಮಿಷ ಗುಂಡಿಗಳ ಟಕಟಕ. ಆಮೇಲೆ ಪಿಸುಮಾತು ಶುರು.

"ನಿಂದೆಷ್ಟು ಬಂತೇ?"

"ಇಪ್ಪತ್ತೆರಡು ಸಾವಿರ ಚಿಲ್ಲರೆ."

"ಅಯ್ಯೋ, ನನಗೆ ಹತ್ತರ ಘಾತ ಇಪ್ಪತ್ತೆರಡು ಬಂದಿದೆ!"

ಮೂರನೆಯವನು ಏನೂ ಹೇಳದೆ ತನ್ನ ಯಂತ್ರವನ್ನು ನಿಮ್ಮ ಕಡೆ ತಿರುಗಿಸುತ್ತಾನೆ. ಪರದೆಯ ಮೇಲೆ `Math ERROR`. ಮೂವರಲ್ಲಿ ಅದೃಷ್ಟವಂತ ಇವನೇ. ಯಂತ್ರ ಇವನಿಗೆ ಮಾತ್ರ ತಪ್ಪಾಗಿದೆ ಎಂದು ಹೇಳಿದೆ.

ಮೇಡಂ ಮೊದಲ ಹುಡುಗಿಯ ಪಕ್ಕಕ್ಕೆ ಬರುತ್ತಾರೆ. "ಹೇಗೆ ಒತ್ತಿದೆ, ಇನ್ನೊಂದು ಸಲ ಒತ್ತಿ ತೋರಿಸಮ್ಮ." ಅವಳು ಮೊದಲನೆಯ ಸೂತ್ರ ಹಿಡಿದಿದ್ದಾಳೆ. 2×0.295÷0.059, ಉತ್ತರ ಸರಿಯಾಗಿ 10. ಇನ್ನು ಉಳಿದದ್ದು ಲಾಗ್ ಬಿಡಿಸುವುದು. ಅವಳ ಬೆರಳು `SHIFT` ಒತ್ತಿ `ln` ಮೇಲೆ ಬೀಳುತ್ತದೆ. ಪರದೆಯಲ್ಲಿ 22026.46579. ನೀವು ಬಗ್ಗಿ ನೋಡುತ್ತೀರಿ: `log` ಗುಂಡಿಯ ಮಗ್ಗುಲಲ್ಲೇ `ln`, ಒಂದರ ನೆತ್ತಿಯ ಮೇಲೆ ಹತ್ತರ ಘಾತ, ಇನ್ನೊಂದರ ನೆತ್ತಿಯ ಮೇಲೆ e ಘಾತ. ಅವಳಿಗೆ ಬೇಕಿದ್ದದ್ದು ಹತ್ತರ ಹತ್ತನೆಯ ಘಾತ, ಸಿಕ್ಕಿದ್ದು 2.718ರ ಹತ್ತನೆಯ ಘಾತ. ಸಾವಿರ ಕೋಟಿ ಇರಬೇಕಾದ ಜಾಗದಲ್ಲಿ ಇಪ್ಪತ್ತೆರಡು ಸಾವಿರ. ದಶಮಾಂಶದ ಆಚೆ ಐದು ಅಂಕಿ ಸಾಲಾಗಿ ನಿಂತಿರುವುದರಿಂದ ಅನುಮಾನ ಬರುವ ಹಾಗೂ ಇಲ್ಲ.

ಎರಡನೆಯವಳದು ಅದರ ತಿರುವುಮುರುವು. ಅವಳು ಎರಡನೆಯ ಸೂತ್ರ ಬಳಸಿ 22.9766 ಎಂದು ಸರಿಯಾಗಿಯೇ ಪಡೆದಿದ್ದಾಳೆ. ಅದು ln. ಬಿಡಿಸುವಾಗ ಮಾತ್ರ ಹತ್ತರ ಘಾತಕ್ಕೆ ಹೋಗಿದ್ದಾಳೆ, ಬಂದದ್ದು 9.475×10²². ಸೂತ್ರದ ಎಡಗಡೆ ಯಾವ ಲಾಗ್ ಇದೆಯೋ ಅದೇ ಗುಂಡಿಯ ನೆತ್ತಿಯ ಮೇಲಿನದನ್ನು ಒತ್ತಬೇಕು, ಅಷ್ಟೆ. ಆದರೆ ಬೆರಳಿಗೆ ಸೂತ್ರದ ನೆನಪಿರುವುದಿಲ್ಲ.

`Math ERROR` ಹುಡುಗನ ಸರದಿ. ಅವನು ಬೋರ್ಡಿನಲ್ಲಿದ್ದದ್ದನ್ನು ಎಡದಿಂದ ಬಲಕ್ಕೆ ಹಾಗೇ ಒತ್ತಿದ್ದಾನೆ.

```
2×96485×0.295÷8.314×298
```

ಯಂತ್ರ ಮೊದಲು 8.314ರಿಂದ ಭಾಗಿಸಿತು. ಬಂದದ್ದನ್ನು 298ರಿಂದ ಗುಣಿಸಿತು. ಛೇದದಲ್ಲಿ ಇರಬೇಕಾದ 298 ಅಂಶಕ್ಕೆ ಹತ್ತಿ ಕೂತಿತು. 22.98 ಬರಬೇಕಾದಲ್ಲಿ ಇಪ್ಪತ್ತು ಲಕ್ಷ ದಾಟಿದೆ. e ಮೇಲೆ ಅಷ್ಟು ದೊಡ್ಡ ಘಾತ ಈ ಯಂತ್ರಕ್ಕೆ ಆಗುವುದಿಲ್ಲ, 230 ದಾಟಿದರೆ ಸಾಕು, ಕೈಚೆಲ್ಲುತ್ತದೆ. ಬೋರ್ಡಿನಲ್ಲಿ ಆ ಅಡ್ಡಗೆರೆಯೇ ಆವರಣದ ಕೆಲಸ ಮಾಡುತ್ತದೆ. ಒಂದೇ ಸಾಲಿನಲ್ಲಿ ಒತ್ತುವಾಗ ಆ ಗೆರೆ ಮಾಯವಾಗುತ್ತದೆ, ಅದರ ಬದಲಿಗೆ (8.314×298) ಎಂದು ನಾವೇ ಬ್ರಾಕೆಟ್ ಹಾಕಬೇಕು.

"ಯಂತ್ರ ಮುಟ್ಟೋಕೆ ಮುಂಚೆ ಉತ್ತರ ಎಷ್ಟಿರಬಹುದು ಅಂತ ಯಾರಾದರೂ ನೋಡಿದ್ರಾ?" ಮೇಡಂ ಕೇಳುತ್ತಾರೆ. ಯಾರೂ ಮಾತಾಡುವುದಿಲ್ಲ. ಅವರೇ ಸೀಮೆಸುಣ್ಣ ಎತ್ತಿಕೊಳ್ಳುತ್ತಾರೆ. ಒಂದು ಎಲೆಕ್ಟ್ರಾನ್ ಆದರೆ ಪ್ರತಿ 0.059 ವೋಲ್ಟಿಗೆ ಸ್ಥಿರಾಂಕ ಹತ್ತುಪಟ್ಟು ಏರುತ್ತದೆ. ಎರಡು ಎಲೆಕ್ಟ್ರಾನ್ ಆದರೆ ಅದರ ಅರ್ಧಕ್ಕೇ, ಅಂದರೆ 0.0295ಕ್ಕೇ ಹತ್ತುಪಟ್ಟು. 0.295ರಲ್ಲಿ ಅಂಥವು ಹತ್ತು. ಒಂದರ ಮುಂದೆ ಹತ್ತು ಸೊನ್ನೆಯ ಆಸುಪಾಸು ಎಂದು ಬಾಯಲ್ಲೇ ಸಿಕ್ಕಿತು. ಇಪ್ಪತ್ತೆರಡು ಸಾವಿರವೂ ಹೋಯಿತು, ಘಾತ ಇಪ್ಪತ್ತೆರಡೂ ಹೋಯಿತು. ನನ್ನ ಮಟ್ಟಿಗೆ ಈ ಮಧ್ಯಾಹ್ನದ ತರಗತಿಯಲ್ಲಿ ಬರೆದುಕೊಳ್ಳಬೇಕಾದ ಸಾಲು ಇದೊಂದೇ.

ಬ್ರಾಕೆಟ್ ಹಾಕಿ ಹುಡುಗ ಮತ್ತೆ ಒತ್ತುತ್ತಾನೆ. ಈಗ ಅವನ ಪರದೆ ತುಂಬ ಹತ್ತು ಅಂಕಿ, 9519ರಿಂದ ಶುರುವಾಗುವ ಮೊಬೈಲ್ ನಂಬರಿನಂತೆ. ಮೊದಲ ಹುಡುಗಿ ಸರಿಪಡಿಸಿಕೊಂಡದ್ದು 1×10¹⁰. "ಮೇಡಂ, ಮತ್ತೆ ಬೇರೆ ಬೇರೆ!" ಕಣ್ಣಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಒಂದು ಸುಮಾರು 950 ಕೋಟಿ, ಇನ್ನೊಂದು 1000 ಕೋಟಿ. ನಡುವೆ ನೂರಕ್ಕೆ ಐದರ ವ್ಯತ್ಯಾಸ, ಅದೂ 0.0591 ಇರಬೇಕಾದದ್ದನ್ನು 0.059 ಎಂದು ಕತ್ತರಿಸಿದ್ದರಿಂದ ಬಂದದ್ದು. ಪರದೆಯಲ್ಲಿ ಹಿಡಿಯುವುದು ಹತ್ತೇ ಅಂಕಿ. ಹನ್ನೊಂದನೆಯದು ಬೇಕಾದ ಕೂಡಲೇ ಯಂತ್ರ ಘಾತದ ರೂಪಕ್ಕೆ ಹಾರುತ್ತದೆ. ಈ ಲೆಕ್ಕ ಸರಿಯಾಗಿ ಆ ಹೊಸ್ತಿಲ ಮೇಲೆ ಬಿದ್ದಿದೆ.

ಮೂಲೆಯ ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆದಿದ್ದವನು ಅಲ್ಲಿಂದಲೇ ಕೂಗುತ್ತಾನೆ. ಅವನ ಕಿರಿದಾದ ಕಾಲಂನಲ್ಲಿ ಅವೇ ಎರಡು ಸಂಖ್ಯೆಗಳು `9.52E+09` ಮತ್ತು `1E+10` ಆಗಿವೆ. ಅವನು ನೋಟ್‌ಬುಕ್ಕಿನಲ್ಲಿ e¹⁰ ಎಂದು ಬರೆದುಕೊಂಡಿದ್ದಾನೆ. ಹಾಗೆ ಓದಿದರೆ ಮತ್ತೆ ಆ ಇಪ್ಪತ್ತೆರಡು ಸಾವಿರಕ್ಕೇ ಬಂದು ಬಿದ್ದಂತೆ. ಇಲ್ಲಿನ E ಅಂದರೆ 2.718 ಅಲ್ಲ, ಪ್ಲಸ್ ಅಂದರೆ ಕೂಡುವುದೂ ಅಲ್ಲ. ಗುಣಿಸು ಹತ್ತರ ಘಾತ ಹತ್ತು, ಘಾತ ಧನ ಎಂದಷ್ಟೇ ಅರ್ಥ. ಹಳೆಯ ಕೆಲವು ಯಂತ್ರಗಳು ಇದನ್ನೂ ಹೇಳದೆ 1. ಎಂದು ತೋರಿಸಿ ಬಲತುದಿಯಲ್ಲಿ ಸಣ್ಣಗೆ 10 ಇಡುತ್ತವೆ. ಅದನ್ನು ಕಂಡಂತೆ 1¹⁰ ಎಂದು ಬರೆದರೆ ಉತ್ತರ ಒಂದು!

"ಈಗ ಹಿಮ್ಮುಖ ಕ್ರಿಯೆಯ ಸ್ಥಿರಾಂಕ ತೆಗೀರಿ." ಒಂದನ್ನು ಇದರಿಂದ ಭಾಗಿಸಿದರಾಯಿತು. ನಿಮ್ಮ ಮುಂದಿನವಳು 1÷1×10 ಒತ್ತಿ, ಘಾತದ ಗುಂಡಿ ಒತ್ತಿ, 10 ಎನ್ನುತ್ತಾಳೆ. ಬಂದದ್ದು ಮತ್ತೆ 1×10¹⁰. ಒಂದನ್ನು ಒಂದರಿಂದ ಭಾಗಿಸಿ ಸಾವಿರ ಕೋಟಿಯಿಂದ ಗುಣಿಸಿದಳು. ಕೆಳಸಾಲಿನಲ್ಲಿ `×10ˣ` ಎಂದೋ `EXP` ಎಂದೋ ಬರೆದಿರುವ ಗುಂಡಿ ಇರುವುದು ಇದಕ್ಕೇ. 1, ಆ ಗುಂಡಿ, 10 ಎಂದು ಒತ್ತಿದರೆ ಯಂತ್ರ ಇಡೀ ಸಂಖ್ಯೆಯನ್ನು ಒಂದೇ ಗಂಟಾಗಿ ಹಿಡಿಯುತ್ತದೆ, ಉತ್ತರ 1×10⁻¹⁰. ಪಕ್ಕದವನು ಅದೇ ಗುಂಡಿ ಬಳಸಿದ್ದಾನೆ, ಆದರೆ ಮುಂದೆ 1ರ ಬದಲು 10 ಒತ್ತಿ ಒಂದು ಸೊನ್ನೆ ಹೆಚ್ಚು ಮಾಡಿಕೊಂಡಿದ್ದಾನೆ.

ಕೊನೆಯ ಪ್ರಶ್ನೆ. ಉತ್ಪನ್ನದ ಅಯಾನು 0.1 ಮೋಲಾರ್, ಪ್ರತಿವರ್ತಕದ್ದು 0.01. ಈಗ ಕೋಶದ ಇಎಂಎಫ್ ಎಷ್ಟು?

```
0.295−0.059÷2×log 0.1÷0.01
```

ಕ್ಯಾಸಿಯೊ `fx-82MS` ಇದ್ದವನಿಗೆ 3.245 ವೋಲ್ಟ್. `ES` ಮಾದರಿ ಇದ್ದವಳಿಗೆ 0.2655. ಇಬ್ಬರೂ ಒತ್ತಿದ್ದು ಅವೇ ಗುಂಡಿಗಳನ್ನು. ಹಳೆಯ ಯಂತ್ರ ಲಾಗ್ ಅನ್ನು 0.1ಕ್ಕಷ್ಟೇ ಅಂಟಿಸಿ, ಬಂದ −1 ಅನ್ನು 0.01ರಿಂದ ಭಾಗಿಸಿ ನೂರುಪಟ್ಟು ಮಾಡಿತು. ಹೊಸತು `log` ಒತ್ತಿದೊಡನೆ ತಾನೇ ಬ್ರಾಕೆಟ್ ತೆರೆದು ಸಾಲಿನ ಕೊನೆಯವರೆಗೆ ಎಲ್ಲವನ್ನೂ ಒಳಗೆ ಎಳೆದುಕೊಂಡಿತು. ಈ ಸಲ ಅದು ಸರಿಹೋಯಿತು.

"ಹಾಗಾದರೆ ಹೊಸದೇ ಒಳ್ಳೇದಲ್ವಾ ಮೇಡಂ?"

"ಲಾಗನ್ನ ಮೊದಲು ಒತ್ತು, 0.059÷2 ಆಮೇಲೆ ಒತ್ತು, ನೋಡೋಣ."

ಅವಳು `log(0.1÷0.01×0.059÷2` ಒತ್ತುತ್ತಾಳೆ. 0.0295 ಬರಬೇಕಿತ್ತು. ಪರದೆಯ ಮೇಲೆ ಋಣಚಿಹ್ನೆಯೊಂದಿಗೆ 0.53. ಅವಳು ಬಾಣದ ಗುಂಡಿಯಿಂದ ಹಿಂದಕ್ಕೆ ಸರಿದು, 0.01ರ ಬಲಕ್ಕೆ ಬ್ರಾಕೆಟ್ ಮುಚ್ಚುತ್ತಾಳೆ.