ಎರಡನೇ ತಿಂಗಳಲ್ಲಿ ಮಗು ಎಷ್ಟು ದಪ್ಪ ಇತ್ತು?

ದಿಬ್ಬೂರಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ನನ್ನ ಅಭ್ಯಾಸ ಬೋಧನೆ ನಡೆಯುತ್ತಿತ್ತು. ಹತ್ತನೇ ತರಗತಿಗೆ ಸಂತಾನೋತ್ಪತ್ತಿ ಘಟಕ. ಜರಾಯುವಿನ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಪಾಠಯೋಜನೆಯಂತೆ ಮುಗಿಸಿದೆ. ಬಸುರಿಯರಿಗೆ ಮಲಬದ್ಧತೆ ಯಾಕೆ ಆಗುತ್ತದೆ ಎಂದು ಯಾರೋ ಕೇಳಿದಾಗ, "ಬೆಳೆಯುವ ಮಗು ಕರುಳನ್ನು ಒತ್ತುತ್ತದೆ" ಎಂದು ಯೋಚಿಸದೆ ಹೇಳಿಬಿಟ್ಟೆ.

ಬೆಲ್ ಆದ ಮೇಲೆ ಒಬ್ಬ ಹುಡುಗಿ ವರಾಂಡದಲ್ಲಿ ನಿಂತಿದ್ದಳು. "ಮಿಸ್, ನಮ್ಮಕ್ಕಂಗೆ ಎರಡನೇ ತಿಂಗಳಿಂದಾನೇ ಹಂಗಾಗ್ತಿದೆ. ಆವಾಗ ಮಗು ಎಷ್ಟು ದಪ್ಪ ಇತ್ತು?" ಎಂದಳು. ಅಕ್ಕನಿಗೆ ಈಗ ಐದು ತಿಂಗಳು. ನಾಲ್ಕನೇ ತಿಂಗಳಲ್ಲಿ ಕಬ್ಬಿಣಾಂಶದ ಮಾತ್ರೆ ಶುರುವಾದ ಮೇಲೆ ತೊಂದರೆ ಹೆಚ್ಚಾಯಿತೆಂದು ಅವಳು ಮಾತ್ರೆಯನ್ನೇ ಬಿಟ್ಟಿದ್ದಳು.

ನನ್ನ ಉತ್ತರ ತಪ್ಪಾಗಿತ್ತು. ಎರಡನೇ ತಿಂಗಳ ಕೊನೆಗೆ ಭ್ರೂಣ ಸುಮಾರು ಒಂದೂವರೆ ಸೆಂಟಿಮೀಟರ್, ಒಂದು ಅವರೆಕಾಳಿನಷ್ಟು. ಗರ್ಭಕೋಶ ಇನ್ನೂ ಕಿಬ್ಬೊಟ್ಟೆಯ ಮೂಳೆಗಳ ಒಳಗೇ ಇರುತ್ತದೆ. ಹಾಗಾದರೆ ಒತ್ತಿದ್ದು ಯಾರು?

ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು, ಅಕ್ಕನ ವಿಷಯ ಎತ್ತದೆ, ಮರುದಿನ ಅದೇ ಪ್ರಶ್ನೆಯಿಂದ ಪಾಠ ಶುರುಮಾಡಿದೆ. ಮೊದಲು ನನ್ನ ತಪ್ಪನ್ನು ಹೇಳಿದೆ. ನಂತರ ಹಲಗೆಯ ಮೇಲೆ ತಿಂಗಳುಗಳ ಗೆರೆ ಎಳೆದೆ.

ಎರಡನೇ ತಿಂಗಳ ಕೆಳಗೆ ಪ್ರೊಜೆಸ್ಟೆರಾನ್ ಎಂದು ಬರೆದೆ. ಮೊದಲ ವಾರಗಳಲ್ಲಿ ಇದನ್ನು ಅಂಡಾಶಯದ ಕಾರ್ಪಸ್ ಲೂಟಿಯಂ ಸ್ರವಿಸುತ್ತದೆ. ಎರಡು ಮೂರು ತಿಂಗಳ ಹೊತ್ತಿಗೆ ಜರಾಯು ಆ ಕೆಲಸ ವಹಿಸಿಕೊಳ್ಳುತ್ತದೆ. ಗರ್ಭಕೋಶದ ಗೋಡೆ ಅನೈಚ್ಛಿಕ ಸ್ನಾಯುವಿನದು. ಅದು ಸಂಕುಚಿಸಿದರೆ ಗರ್ಭ ನಿಲ್ಲುವುದು ಕಷ್ಟ. ಅದನ್ನು ಸಡಿಲವಾಗಿಡುವುದು ಪ್ರೊಜೆಸ್ಟೆರಾನ್‌ನ ಕೆಲಸ. ಆದರೆ ಹಾರ್ಮೋನು ರಕ್ತದಲ್ಲಿ ಎಲ್ಲೆಡೆ ಹೋಗುತ್ತದೆ, ಕರುಳಿನ ಗೋಡೆಯಲ್ಲೂ ಅಂಥದೇ ಸ್ನಾಯುವಿದೆ. ಅದೂ ಸಡಿಲವಾಗಿ ಆಹಾರ ನಿಧಾನವಾಗಿ ಸಾಗುತ್ತದೆ. ದೊಡ್ಡ ಕರುಳಿಗೆ ನೀರು ಹೀರಲು ಹೆಚ್ಚು ಸಮಯ ಸಿಗುತ್ತದೆ, ಮಲ ಗಟ್ಟಿಯಾಗುತ್ತದೆ. ಅನ್ನನಾಳದ ಕೆಳತುದಿಯ ಬಿಗಿ ಸಡಿಲವಾದಾಗ ಎದೆಯುರಿ ಬರುವುದೂ ಇದರಿಂದಲೇ.

ಇದನ್ನು ತೋರಿಸಲು ಪಿರಿಯಡ್ಡಿನ ಆರಂಭದಲ್ಲೇ ಎರಡು ಹಸಿಮಣ್ಣಿನ ಉಂಡೆಗಳನ್ನು ಹಳೇ ಪೇಪರಿನ ಮೇಲೆ ಇಟ್ಟಿದ್ದೆ. ಒಂದನ್ನು ಐದು ನಿಮಿಷಕ್ಕೆ ಎತ್ತಿದೆವು, ಇನ್ನೊಂದನ್ನು ಕೊನೆಗೆ. ಎರಡನೆಯದು ಗಟ್ಟಿಯಾಗಿತ್ತು. ಕರುಳು ಪೇಪರಿನಂತೆ ಸುಮ್ಮನೆ ನೆನೆಯುವುದಿಲ್ಲ, ಹೋಲಿಕೆ ಸಮಯದ ಮಟ್ಟಿಗೆ ಮಾತ್ರ ಎಂದೂ ಹೇಳಿದೆ.

ನಾಲ್ಕನೇ ತಿಂಗಳ ಕೆಳಗೆ ಕಬ್ಬಿಣಾಂಶದ ಮಾತ್ರೆ ಬಂತು. ಅದೂ ಮಲವನ್ನು ಗಟ್ಟಿ ಮಾಡಬಹುದು. ಮಲ ಕಪ್ಪಗಾಗುವುದು ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣಾಂಶದಿಂದ, ಭಯ ಬೇಡ. ನನ್ನ ಹಿಂದಿನ ದಿನದ ಉತ್ತರಕ್ಕೆ ಜಾಗ ಸಿಕ್ಕಿದ್ದು ಕೊನೆಯ ತಿಂಗಳುಗಳ ಕೆಳಗೆ. ಒಂದೇ ಲಕ್ಷಣಕ್ಕೆ ಮೂರು ಕಾರಣ, ಮೂರು ಕಾಲ.

"ಸುಮ್ಮಸುಮ್ಮನೆ ಅಳೋದೂ ಹಾರ್ಮೋನಾ ಮಿಸ್?" ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಇಲ್ಲಿ ಕರುಳಿನಷ್ಟು ನೇರ ಉತ್ತರವಿಲ್ಲ. ಗರ್ಭಕೋಶವನ್ನೂ ಅದರ ರಕ್ತನಾಳಗಳನ್ನೂ ಬೆಳೆಸುವ ಈಸ್ಟ್ರೋಜನ್, ಮನಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ಮೇಲೂ ಪ್ರಭಾವ ಬೀರುತ್ತದೆ. ಪ್ರೊಜೆಸ್ಟೆರಾನ್‌ನಿಂದ ಉಂಟಾಗುವ ಒಂದು ವಸ್ತು ಮಿದುಳಿನ ಉದ್ರೇಕವನ್ನು ತಗ್ಗಿಸುತ್ತದೆ. ಆದರೆ ಒಂದೇ ಏರಿಳಿತಕ್ಕೆ ಎಲ್ಲರೂ ಒಂದೇ ರೀತಿ ಸ್ಪಂದಿಸುವುದಿಲ್ಲ. ನಿದ್ದೆಗೇಡು, ವಾಂತಿ, ಮನೆಯವರ ಮಾತು ಎಲ್ಲವೂ ಸೇರುತ್ತವೆ. ಹೆರಿಗೆಯಲ್ಲಿ ಜರಾಯು ಹೊರಬಿದ್ದೊಡನೆ ಎರಡೂ ಹಾರ್ಮೋನುಗಳು ಕೆಲವೇ ದಿನಗಳಲ್ಲಿ ಕುಸಿಯುತ್ತವೆ. ಆಗ ಬರುವ ಅಳು ಸಾಮಾನ್ಯವಾಗಿ ಎರಡು ವಾರದೊಳಗೆ ತಗ್ಗುತ್ತದೆ. ತಗ್ಗದಿದ್ದರೆ, ಅಥವಾ ಬದುಕೇ ಬೇಡ ಎನ್ನುವ ಮಾತು ಯಾವಾಗ ಬಂದರೂ, "ಹಾರ್ಮೋನು" ಎಂದು ಸುಮ್ಮನಿರದೆ ವೈದ್ಯರ ಬಳಿ ಹೋಗಬೇಕು.

ಮಾತ್ರೆಯ ವಿಷಯದಲ್ಲಿ ನಾನು ಸಲಹೆ ಕೊಡಲಿಲ್ಲ. ತಾಯಿ ಕಾರ್ಡ್ ಹಿಡಿದು ನರ್ಸಮ್ಮನನ್ನು ಕೇಳಲಿ ಎಂದಷ್ಟೇ ಆ ಹುಡುಗಿಗೆ ಹೇಳಿದೆ. ಮುಂದಿನ ವಾರ ಅವಳೇ ಬಂದು ಹೇಳಿದಳು: ಅಕ್ಕ ಮಾತ್ರೆ ಮತ್ತೆ ಶುರುಮಾಡಿದ್ದಾಳೆ. ಕಾಫಿ ಜೊತೆ ನುಂಗುತ್ತಿದ್ದವಳು ಈಗ ರಾತ್ರಿ ಊಟದ ಮೇಲೆ ನಿಂಬೆಹಣ್ಣಿನ ನೀರಿನ ಜೊತೆ ತಗೊಳ್ಳುತ್ತಾಳೆ. ನೀರು, ಸೊಪ್ಪು, ಸಂಜೆಯ ನಡಿಗೆ ಹೆಚ್ಚಿಸಿದ್ದಾಳೆ. ತೊಂದರೆ ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ.

ನನ್ನ ಪಾಠಯೋಜನೆಯ ಪುಸ್ತಕದಲ್ಲಿ "ನಿರೀಕ್ಷಿತ ಪ್ರಶ್ನೆಗಳು" ಎಂಬ ಕಾಲಂ ಇದೆ. ಅಲ್ಲಿ ಈಗ ಪ್ರತಿ ಲಕ್ಷಣದ ಮುಂದೆ, ಅದು ಎಷ್ಟನೇ ತಿಂಗಳಲ್ಲಿ ಶುರುವಾಗುತ್ತದೆ ಎಂದೂ ಬರೆದುಕೊಳ್ಳುತ್ತೇನೆ.